ಕಮಿಟ್ ಆಗದ ಲೆಕ್ಕದ ಮೇಲೆ ಕಟ್ಟಿದ ಲೆಕ್ಕ

ಅಡಿಕೆ ವ್ಯಾಪಾರಿಯೊಬ್ಬ ರೈತನ ಖಾತೆಗೆ 1,00,000 ರೂಪಾಯಿ ವರ್ಗಾಯಿಸುತ್ತಾನೆ. ರೈತ ಅದರಲ್ಲಿ 90,000 ರೂಪಾಯಿಯನ್ನು ಗೊಬ್ಬರದ ಅಂಗಡಿಯ ಬಾಕಿಗೆ ಕಟ್ಟುತ್ತಾನೆ. ಅಂಗಡಿಯವನು ಅದರಿಂದ 80,000 ರೂಪಾಯಿ ತೆಗೆದು ಸಗಟು ವ್ಯಾಪಾರಿಗೆ ಕೊಡುತ್ತಾನೆ. ನಾಲ್ವರ ಖಾತೆಯೂ ಒಂದೇ ಬ್ಯಾಂಕಿನಲ್ಲಿದೆ, ಮೂರೂ ವರ್ಗಾವಣೆಗಳು ಒಂದೇ ಸೆಕೆಂಡಿನೊಳಗೆ ಆ ಬ್ಯಾಂಕಿನ ಡೇಟಾಬೇಸ್‌ಗೆ ಬಂದಿವೆ ಎಂದು ಇಟ್ಟುಕೊಳ್ಳೋಣ. ಮೊದಲನೆಯ ವರ್ಗಾವಣೆ ಅರ್ಧ ದಾರಿಯಲ್ಲಿ ವಿಫಲವಾಯಿತು. ಅದನ್ನು ನಂಬಿ ಮುಂದಕ್ಕೆ ಹೋದ ಉಳಿದ ಎರಡನ್ನು ಏನು ಮಾಡುವುದು?

ದುಡ್ಡು ಮತ್ತು ದಾಸ್ತಾನಿನ ಲೆಕ್ಕವಿಡುವ ಪ್ರತಿಯೊಂದು ಡೇಟಾಬೇಸ್ ಕೂಡ ಈ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧವಾಗಿಟ್ಟುಕೊಂಡಿರಬೇಕು. ಆ ಉತ್ತರಗಳನ್ನು ಮೂರು ಮಟ್ಟಗಳಾಗಿ ವಿಂಗಡಿಸಿದ್ದಾರೆ: ರಿಕವರೆಬಲ್, ಕ್ಯಾಸ್ಕೇಡ್‌ಲೆಸ್, ಸ್ಟ್ರಿಕ್ಟ್. ಒಂದಕ್ಕಿಂತ ಒಂದು ಬಿಗಿ. ಮೊದಲನೆಯದು ಲೆಕ್ಕ ಸುಳ್ಳಾಗದಂತೆ ನೋಡಿಕೊಳ್ಳುತ್ತದೆ. ಎರಡನೆಯದು ಮಾಡಿದ ಕೆಲಸ ಹಾಳಾಗದಂತೆ ಕಾಯುತ್ತದೆ. ಮೂರನೆಯದು ಕೆಲಸವನ್ನು ಹಿಂದಕ್ಕೆ ತೆಗೆಯುವ ದಾರಿಯನ್ನೇ ಸರಳ ಮಾಡುತ್ತದೆ.

ಒಂದು ಸೆಕೆಂಡಿನೊಳಗೆ ನಡೆದದ್ದು

ಪೂರ್ತಿ ಆಗಬೇಕು, ಇಲ್ಲವೇ ಆಗಲೇಬಾರದು ಎಂಬ ಕರಾರಿನ ಮೇಲೆ ನಡೆಯುವ ಕೆಲಸದ ಕಟ್ಟನ್ನು ಡೇಟಾಬೇಸ್‌ನಲ್ಲಿ ಟ್ರಾನ್ಸಾಕ್ಷನ್ ಅಥವಾ ವಹಿವಾಟು ಎನ್ನುತ್ತಾರೆ. ಕೆಲಸ ಮುಗಿದು ಖಾಯಂ ಆದರೆ ಅದು ಕಮಿಟ್. ನಡುವೆ ನಿಂತು, ಮಾಡಿದ್ದನ್ನೆಲ್ಲ ಹಿಂದಕ್ಕೆ ತೆಗೆದರೆ ರೋಲ್‌ಬ್ಯಾಕ್. ಹಲವು ವಹಿವಾಟುಗಳು ಏಕಕಾಲಕ್ಕೆ ನಡೆಯುವಾಗ ಅವುಗಳ ಓದು, ಬರಹಗಳು ಒಂದರೊಳಗೊಂದು ಹೆಣೆದುಕೊಂಡು ಯಾವ ಕ್ರಮದಲ್ಲಿ ಬಂದವು ಎಂಬ ಪಟ್ಟಿಗೆ ಶೆಡ್ಯೂಲ್ ಎಂದು ಹೆಸರು.

ನಮ್ಮ ಉದಾಹರಣೆಯಲ್ಲಿ ಆರಂಭದ ಶಿಲ್ಕು ಹೀಗಿದೆ. ಅಡಿಕೆ ವ್ಯಾಪಾರಿಯ ಖಾತೆಯಲ್ಲಿ 40,000, ರೈತನ ಖಾತೆಯಲ್ಲಿ 20,000, ಗೊಬ್ಬರದ ಅಂಗಡಿಯ ಖಾತೆಯಲ್ಲಿ 5,000, ಸಗಟು ವ್ಯಾಪಾರಿಯ ಖಾತೆಯಲ್ಲಿ 70,000 ರೂಪಾಯಿ. ಅಡಿಕೆ ವ್ಯಾಪಾರಿಯ ಬಳಿ ಲಕ್ಷ ರೂಪಾಯಿ ಇಲ್ಲ ಎಂಬುದನ್ನು ಗಮನಿಸಿ. ಆದರೆ ಈ ವರ್ಗಾವಣೆಯ ಪ್ರೋಗ್ರಾಂ ಬರೆದವರು ಮೊದಲು ಪಡೆಯುವವನ ಖಾತೆಗೆ ಜಮಾ ಮಾಡಿ, ಆಮೇಲೆ ಕೊಡುವವನ ಖಾತೆಯಿಂದ ಕಳೆಯುವಂತೆ ಬರೆದಿದ್ದಾರೆ.

ಮೊದಲ ವಹಿವಾಟು, ಅಂದರೆ ಟಿ1, ರೈತನ ಖಾತೆಯನ್ನು 1,20,000 ಎಂದು ಬರೆಯಿತು. ಅದು ಇನ್ನೂ ಕಮಿಟ್ ಆಗಿಲ್ಲ. ಅಷ್ಟರಲ್ಲಿ ಟಿ2 ಬಂದು ರೈತನ ಖಾತೆಯಲ್ಲಿ 1,20,000 ಇದೆ ಎಂದು ಓದಿತು. ಅದರಿಂದ 90,000 ಕಳೆದು 30,000 ಎಂದು ಬರೆಯಿತು, ಅಂಗಡಿಯ ಖಾತೆಯನ್ನು 95,000 ಮಾಡಿತು. ಟಿ3 ಆ 95,000 ಓದಿ, 80,000 ಕಳೆದು 15,000 ಉಳಿಸಿ, ಸಗಟು ವ್ಯಾಪಾರಿಯ ಖಾತೆಯನ್ನು 1,50,000 ಮಾಡಿತು. ಶಾಖೆಯ ಎಲ್ಲ ಖಾತೆಗಳ ಒಟ್ಟು ಮೊತ್ತ ತೆಗೆಯುವ ಟಿ4 ಎಂಬ ವರದಿ ಸುಮಾರು ಹೊತ್ತಿನಿಂದ ಓಡುತ್ತಿತ್ತು. ಅದು ತನ್ನ ಸರದಿಯಲ್ಲಿ ಸಗಟು ವ್ಯಾಪಾರಿಯ 1,50,000 ಅನ್ನು ಕೂಡಿಸಿಕೊಂಡಿತು.

ಆಗ ಟಿ1 ತನ್ನ ಎರಡನೆಯ ಹೆಜ್ಜೆಗೆ ಬಂತು. ಅಡಿಕೆ ವ್ಯಾಪಾರಿಯ 40,000ದಿಂದ ಲಕ್ಷ ಕಳೆದರೆ ಶಿಲ್ಕು ಸೊನ್ನೆಗಿಂತ ಕೆಳಗಿಳಿಯುತ್ತದೆ. ಡೇಟಾಬೇಸ್ ಅದಕ್ಕೆ ಒಪ್ಪಲಿಲ್ಲ. ಟಿ1 ರೋಲ್‌ಬ್ಯಾಕ್ ಆಯಿತು.

ರೈತನ ಖಾತೆಯನ್ನು A, ಅಂಗಡಿಯದನ್ನು B, ಸಗಟು ವ್ಯಾಪಾರಿಯದನ್ನು C ಎಂದು ಕರೆದು, ಓದುವುದಕ್ಕೆ r, ಬರೆಯುವುದಕ್ಕೆ w, ರೋಲ್‌ಬ್ಯಾಕ್‌ಗೆ a ಎಂದು ಗುರುತು ಹಾಕಿದರೆ ಇದೇ ಕಥೆ ಒಂದು ಸಾಲಿಗೆ ಇಳಿಯುತ್ತದೆ:

```
w1(A) r2(A) w2(A) w2(B) r3(B) w3(B) w3(C) r4(C) a1
```

ಈ ಸಾಲಿನಲ್ಲಿ ಒಂದು ಅಕ್ಷರ ಮಾತ್ರ ಕಾಣಿಸುತ್ತಿಲ್ಲ, ಕಮಿಟ್‌ನ c. ಟಿ2ರ ಕಮಿಟ್ ಎಲ್ಲಿ ಬರುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಸರಿಪಡಿಸಲು ಬಾರದ ತಪ್ಪು

ಟಿ2 ತನ್ನ ಕೆಲಸ ಮುಗಿದ ಕೂಡಲೇ, ಟಿ1ರ ಗತಿ ತಿಳಿಯುವ ಮೊದಲೇ, ಕಮಿಟ್ ಆಯಿತು ಎಂದುಕೊಳ್ಳಿ. ಗೊಬ್ಬರದ ಅಂಗಡಿಯವನಿಗೆ ದುಡ್ಡು ಬಂತೆಂದು ಸಂದೇಶ ಹೋಗಿದೆ, ಅವನು ಮೂಟೆಗಳನ್ನು ಗಾಡಿಗೆ ಹೇರಿಸಿದ್ದಾನೆ. ಕಮಿಟ್ ಎಂದರೆ ಡೇಟಾಬೇಸ್ ಕೊಟ್ಟ ಮಾತು: ಇನ್ನು ವಿದ್ಯುತ್ ಹೋದರೂ ಯಂತ್ರ ಕೆಟ್ಟರೂ ಇದು ಅಳಿಸುವುದಿಲ್ಲ. ಈಗ ಟಿ1 ರೋಲ್‌ಬ್ಯಾಕ್ ಆದರೆ, ಟಿ2 ಓದಿದ 1,20,000 ಎಂಬ ಮೊತ್ತ ಎಂದೂ ಇರಲೇ ಇಲ್ಲ ಎಂದಾಗುತ್ತದೆ. ಟಿ2 ಅನ್ನು ಉಳಿಸಿಕೊಂಡರೆ ಲೆಕ್ಕ ಸುಳ್ಳು. ತೆಗೆದುಹಾಕಿದರೆ ಕೊಟ್ಟ ಮಾತು ಸುಳ್ಳು. ಎರಡರಲ್ಲಿ ಯಾವುದನ್ನು ಮಾಡಿದರೂ ಡೇಟಾಬೇಸ್ ತನ್ನ ಕರಾರನ್ನು ಮುರಿದಂತೆ. ಇಂಥ ಶೆಡ್ಯೂಲ್ ರಿಕವರೆಬಲ್ ಅಲ್ಲ, ಅಂದರೆ ಇದರಿಂದ ಚೇತರಿಸಿಕೊಳ್ಳುವ ದಾರಿಯೇ ಇಲ್ಲ.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಏಕಕಾಲದ ವಹಿವಾಟುಗಳ ಫಲಿತಾಂಶ ಅವುಗಳನ್ನು ಒಂದಾದ ಮೇಲೊಂದು ಓಡಿಸಿದಾಗ ಬರುವ ಫಲಿತಾಂಶದಂತೆಯೇ ಇರಬೇಕು ಎಂಬುದು ಡೇಟಾಬೇಸ್‌ಗಳ ಪ್ರಸಿದ್ಧ ನಿಯಮ. ನಮ್ಮ ಶೆಡ್ಯೂಲಿನ ಓದು, ಬರಹಗಳು ಆ ನಿಯಮಕ್ಕೆ ಚೆನ್ನಾಗಿಯೇ ಹೊಂದುತ್ತವೆ: ಮೊದಲು ಟಿ1, ಆಮೇಲೆ ಟಿ2, ಆಮೇಲೆ ಟಿ3, ಕೊನೆಗೆ ಟಿ4. ಕ್ರಮದಲ್ಲಿ ತಪ್ಪೇನೂ ಇಲ್ಲ. ಆದರೆ ಆ ನಿಯಮ ಎಲ್ಲ ವಹಿವಾಟುಗಳೂ ಗುರಿ ಮುಟ್ಟುತ್ತವೆ ಎಂದು ಭಾವಿಸಿಕೊಂಡೇ ಲೆಕ್ಕ ಹಾಕುತ್ತದೆ. ಒಂದು ಬಿದ್ದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ನಿಯಮ ಬೇಕು.

ಆ ನಿಯಮದ ಕನಿಷ್ಠ ರೂಪ ಇಷ್ಟು: ನೀನು ಯಾರು ಬರೆದದ್ದನ್ನು ಓದಿದ್ದೀಯೋ ಅವರು ಕಮಿಟ್ ಆಗುವ ಮೊದಲು ನೀನು ಕಮಿಟ್ ಆಗಬೇಡ. ಇದನ್ನು ಪಾಲಿಸುವ ಶೆಡ್ಯೂಲ್ ರಿಕವರೆಬಲ್.

ಸರಪಳಿಯಂತೆ ಬೀಳುವ ಕೆಲಸ

ರಿಕವರೆಬಲ್ ನಿಯಮ ಟಿ2 ಅನ್ನು ಕಮಿಟ್ ಆಗದಂತೆ ತಡೆಯಿತು. ಆದರೆ ಓದದಂತೆ ತಡೆಯಲಿಲ್ಲ. ಆದ್ದರಿಂದ ಟಿ1 ಬಿದ್ದಾಗ, ಅದರ ಅಂಕಿ ಓದಿದ ಟಿ2 ಬೀಳಲೇಬೇಕು. ಟಿ2 ಬರೆದದ್ದನ್ನು ಓದಿದ ಟಿ3, ಟಿ3 ಬರೆದದ್ದನ್ನು ಓದಿದ ಟಿ4 ಕೂಡ ಬೀಳಬೇಕು. ಸಗಟು ವ್ಯಾಪಾರಿಗೂ ಅಡಿಕೆ ವ್ಯಾಪಾರಿಗೂ ಪರಿಚಯವೇ ಇಲ್ಲ. ಆದರೂ ಒಬ್ಬನ ಖಾತೆಯಲ್ಲಿ ದುಡ್ಡಿಲ್ಲದ್ದಕ್ಕೆ ಇನ್ನೊಬ್ಬನ ಜಮಾ ಹಿಂದಕ್ಕೆ ಹೋಯಿತು. ಇದೇ ಕ್ಯಾಸ್ಕೇಡಿಂಗ್ ರೋಲ್‌ಬ್ಯಾಕ್.

ಲೆಕ್ಕ ಈಗ ಸರಿಯಾಯಿತು. ರೈತನಿಗೆ ಮತ್ತೆ 20,000, ಅಂಗಡಿಗೆ 5,000, ಸಗಟು ವ್ಯಾಪಾರಿಗೆ 70,000. ಹಾಗಿದ್ದರೆ ನಷ್ಟವೇನು? ಕೆಲಸದ ನಷ್ಟ. ಅದು ಎಷ್ಟೆಂದು ಎಣಿಸಿ ನೋಡೋಣ.

ಟಿ2 ಮತ್ತು ಟಿ3 ಒಟ್ಟು ನಾಲ್ಕು ಬರಹಗಳನ್ನು ಮಾಡಿದ್ದವು. ನಾಲ್ಕೂ ವ್ಯರ್ಥ. ಅವನ್ನು ಹಿಂದಕ್ಕೆ ತೆಗೆಯಲು ಮತ್ತೆ ನಾಲ್ಕು ಬರಹ ಬೇಕು. ರೋಲ್‌ಬ್ಯಾಕ್ ಎಂದರೆ ಸುಮ್ಮನೆ ಮರೆತುಬಿಡುವುದಲ್ಲ. ಪ್ರತಿ ಬದಲಾವಣೆಗೂ ಮೊದಲು ಡೇಟಾಬೇಸ್ ಲಾಗ್ ಎಂಬ ದಿನಚರಿಯಲ್ಲಿ ಹಳೆಯ ಅಂಕಿಯನ್ನೂ ಹೊಸ ಅಂಕಿಯನ್ನೂ ಬರೆದಿಟ್ಟಿರುತ್ತದೆ. ಹಿಂದಕ್ಕೆ ತೆಗೆಯುವಾಗ ಆ ದಿನಚರಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹಳೆಯ ಅಂಕಿಗಳನ್ನು ಒಂದೊಂದಾಗಿ ಕೂರಿಸಬೇಕು. ಐಬಿಎಂನಲ್ಲಿ ಸಿ. ಮೋಹನ್ ಮತ್ತು ಸಂಗಡಿಗರು ರೂಪಿಸಿ 1992ರಲ್ಲಿ ಪ್ರಕಟಿಸಿದ ಏರಿಸ್ ವಿಧಾನವನ್ನು ಅನುಸರಿಸುವ ವ್ಯವಸ್ಥೆಗಳಲ್ಲಿ, ಹಾಗೆ ಹಿಂದಕ್ಕೆ ತೆಗೆದದ್ದನ್ನು ಕೂಡ ಲಾಗ್‌ನಲ್ಲಿ ದಾಖಲಿಸಬೇಕು. ಇಲ್ಲದಿದ್ದರೆ ರೋಲ್‌ಬ್ಯಾಕ್ ನಡುವೆಯೇ ಯಂತ್ರ ನಿಂತುಹೋದರೆ ಎಲ್ಲಿಯವರೆಗೆ ತೆಗೆದಿದ್ದೇವೆ ಎಂಬುದೇ ತಿಳಿಯದು. ಹೀಗೆ ವ್ಯರ್ಥವಾದ ಪ್ರತಿ ಬರಹಕ್ಕೂ ಇನ್ನೊಂದು ಬರಹದ ದಂಡ, ಎರಡಕ್ಕೂ ಲಾಗ್‌ನ ದಂಡ.

ಟಿ4ರ ಕಥೆ ಇನ್ನೂ ಕಷ್ಟದ್ದು. ಸಾವಿರಾರು ಖಾತೆಗಳನ್ನು ಓದಿದ ವರದಿಯಲ್ಲಿ ಕೆಟ್ಟದ್ದು ಒಂದೇ ಅಂಕಿ. ಆದರೂ ವಹಿವಾಟು ಅಖಂಡವಾದ್ದರಿಂದ ಆ ಒಂದು ಅಂಕಿಯನ್ನು ಮಾತ್ರ ಬದಲಿಸಿಕೊಳ್ಳಲು ಬರುವುದಿಲ್ಲ. ಇಡೀ ವರದಿ ಮೊದಲಿನಿಂದ ಓಡಬೇಕು. ಉದ್ದನೆಯ ವಹಿವಾಟು ಹೆಚ್ಚು ಸಾಲುಗಳನ್ನು ಮುಟ್ಟುವುದರಿಂದ ಕೆಟ್ಟ ಅಂಕಿಯೊಂದು ಅದಕ್ಕೆ ತಗಲುವ ಸಂಭವ ಹೆಚ್ಚು, ತಗಲಿದಾಗ ಆಗುವ ನಷ್ಟವೂ ಹೆಚ್ಚು.

ಜೊತೆಗೆ, ಸರಪಳಿ ಯಾವಾಗಲೂ ಒಂದೊಂದೇ ಕೊಂಡಿಯಾಗಿ ಬೆಳೆಯುವುದಿಲ್ಲ. ಎಲ್ಲರೂ ಓದುವ ಸಾಲೊಂದನ್ನು, ಉದಾಹರಣೆಗೆ ಶಾಖೆಯ ನಗದು ಶಿಲ್ಕನ್ನು, ಸೆಕೆಂಡಿಗೆ 50 ವಹಿವಾಟುಗಳು ಓದುತ್ತಿವೆ ಎಂದುಕೊಳ್ಳಿ. ಅದನ್ನು ಬದಲಿಸಿದ ವಹಿವಾಟು 2 ಸೆಕೆಂಡು ಕಮಿಟ್ ಆಗದೆ ಕುಳಿತು ಆಮೇಲೆ ಬಿದ್ದರೆ, ನೇರವಾಗಿ ಓದಿದ 100 ವಹಿವಾಟುಗಳು ಬೀಳುತ್ತವೆ. ಆ ನೂರನ್ನು ಓದಿದವು ಎಷ್ಟೋ. ಬಿದ್ದವೆಲ್ಲ ಒಮ್ಮೆಗೇ ಮತ್ತೆ ಓಡಲು ಬರುತ್ತವೆ, ಅದೇ ಸಾಲಿನ ಮೇಲೆ ಮುಗಿಬೀಳುತ್ತವೆ.

ಇಷ್ಟಾದರೂ ಕಾಯುವುದು ತಪ್ಪಿತೇ ಎಂದು ಕೇಳಬೇಕು. ತಪ್ಪಲಿಲ್ಲ. ರಿಕವರೆಬಲ್ ನಿಯಮದಡಿ ಟಿ2 ತನ್ನ ಕೆಲಸವನ್ನೆಲ್ಲ ಮುಗಿಸಿ, ಕಮಿಟ್‌ನ ಹೊಸ್ತಿಲಲ್ಲಿ ಟಿ1ಕ್ಕಾಗಿ ಕಾಯುತ್ತಲೇ ಇತ್ತು. ಯಾರು ಯಾರದನ್ನು ಓದಿದರು ಎಂಬ ಪಟ್ಟಿಯನ್ನೂ ಡೇಟಾಬೇಸ್ ಇಟ್ಟುಕೊಳ್ಳಬೇಕಾಗಿತ್ತು. ಮೊದಲ ಹೆಜ್ಜೆಯಲ್ಲಿ ಕಾಯುವುದನ್ನು ಕೊನೆಯ ಹೆಜ್ಜೆಗೆ ತಳ್ಳಿದ್ದಷ್ಟೇ ಆಯಿತು. ಮೊದಲ ಹೆಜ್ಜೆಯಲ್ಲಿ ಕಾಯುವವನು ಕಳೆದುಕೊಳ್ಳುವುದು ಸಮಯವನ್ನು ಮಾತ್ರ. ಕೊನೆಯ ಹೆಜ್ಜೆಯಲ್ಲಿ ಕಾಯುವವನು ಸಮಯದ ಜೊತೆಗೆ ಮಾಡಿದ ಕೆಲಸವನ್ನೆಲ್ಲ ಪಣಕ್ಕಿಟ್ಟಿರುತ್ತಾನೆ.

ಓದುವ ಮೊದಲೇ ತಡೆ

ಕ್ಯಾಸ್ಕೇಡ್‌ಲೆಸ್ ನಿಯಮ ಕಾಯುವುದನ್ನು ಮೊದಲ ಹೆಜ್ಜೆಗೇ ತರುತ್ತದೆ: ಕಮಿಟ್ ಆದ ಅಂಕಿಯನ್ನು ಮಾತ್ರ ಓದಬೇಕು. ಕಮಿಟ್ ಆಗದ್ದನ್ನು ಓದುವುದಕ್ಕೆ ಡರ್ಟಿ ರೀಡ್ ಎಂದು ಹೆಸರು. ಅದನ್ನು ನಿಷೇಧಿಸಿದರೆ ಸರಪಳಿಯ ಮೊದಲ ಕೊಂಡಿಯೇ ಬೀಳುವುದಿಲ್ಲ.

ಈ ನಿಯಮದಡಿ ನಮ್ಮ ಕಥೆ ಹೇಗೆ ನಡೆಯುತ್ತದೆ ನೋಡಿ. ಟಿ2 ರೈತನ ಖಾತೆಯನ್ನು ಓದಲು ಬಂದು ನಿಂತಿತು. ಟಿ1 ಬಿತ್ತು. ಟಿ2 ಓದಿದಾಗ ಕಂಡದ್ದು 20,000. 90,000 ಕೊಡಲು ಸಾಲದು ಎಂದು ಅಲ್ಲೇ ನಿಂತಿತು. ಟಿ2ರ ಒಟ್ಟು ವೆಚ್ಚ ಒಂದೇ ಒಂದು ಓದು. ಟಿ3 ಅಂಗಡಿಯ 5,000 ಓದಿ ಹಾಗೆಯೇ ಹಿಂದಿರುಗಿತು. ಟಿ4 ಸಗಟು ವ್ಯಾಪಾರಿಯ 70,000 ಕೂಡಿಸಿಕೊಂಡು ಮುಂದೆ ಹೋಯಿತು, ಅದರ ದುಡಿಮೆ ಉಳಿಯಿತು. ಗ್ರಾಹಕರಿಗೆ ಸಿಕ್ಕ ಉತ್ತರ ಎರಡೂ ಸಲ ಒಂದೇ, ಹಣ ಸಾಲದು ಎಂಬುದು. ವ್ಯತ್ಯಾಸ ಆ ಉತ್ತರಕ್ಕೆ ತೆತ್ತ ಬೆಲೆಯಲ್ಲಿ.

ಇಂದಿನ ಬಹಳಷ್ಟು ಡೇಟಾಬೇಸ್‌ಗಳಲ್ಲಿ ಓದುವವನು ಕಾಯಬೇಕಾಗಿಯೂ ಇಲ್ಲ. ಪೋಸ್ಟ್‌ಗ್ರೆಸ್, ಒರಾಕಲ್, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ, ಇವೆಲ್ಲ ಒಂದು ಸಾಲನ್ನು ಬದಲಿಸುವಾಗ ಹಳೆಯ ಆವೃತ್ತಿಯನ್ನೂ ಉಳಿಸಿಕೊಳ್ಳುತ್ತವೆ. ಟಿ1 ಬರೆಯುತ್ತಿರುವಾಗಲೇ ಓದಲು ಬಂದವನಿಗೆ ಕೊನೆಯದಾಗಿ ಕಮಿಟ್ ಆದ 20,000 ಎಂಬ ಆವೃತ್ತಿ ಸಿಗುತ್ತದೆ.

ಓದದೆಯೂ ಕೆಡುವ ಲೆಕ್ಕ

ಡರ್ಟಿ ರೀಡ್ ನಿಷೇಧಿಸಿದರೆ ಸಾಕಲ್ಲವೇ ಎನ್ನಿಸಬಹುದು. ಸಾಲದು. ಬ್ಯಾಂಕಿನ ಠೇವಣಿ ಬಡ್ಡಿದರ ಶೇಕಡಾ 6.00 ಎಂದು ಒಂದು ಸಾಲಿನಲ್ಲಿದೆ. ಒಂದು ವಹಿವಾಟು ಅದನ್ನು 6.50 ಎಂದು ಬರೆಯಿತು. ಹಳೆಯ ಅಂಕಿ 6.00 ಎಂದು ಲಾಗ್‌ನಲ್ಲಿ ದಾಖಲಾಯಿತು. ಅದು ಕಮಿಟ್ ಆಗುವ ಮೊದಲೇ ಇನ್ನೊಂದು ವಹಿವಾಟು, ಏನನ್ನೂ ಓದದೆ, ಅದೇ ಸಾಲಿನ ಮೇಲೆ 7.00 ಎಂದು ಬರೆಯಿತು. ಅದರ ಪಾಲಿಗೆ ಹಳೆಯ ಅಂಕಿ 6.50. ಯಾರೂ ಯಾರದನ್ನೂ ಓದಿಲ್ಲ, ಆದ್ದರಿಂದ ಶೆಡ್ಯೂಲ್ ಕ್ಯಾಸ್ಕೇಡ್‌ಲೆಸ್ ಆಗಿಯೇ ಇದೆ.

ಎರಡನೆಯದು ಕಮಿಟ್ ಆಗಿ, ಆಮೇಲೆ ಮೊದಲನೆಯದು ಬಿತ್ತು ಎನ್ನಿ. ಲಾಗ್ ನೋಡಿ ಹಳೆಯ ಅಂಕಿ 6.00 ಕೂರಿಸಿದರೆ, ಕಮಿಟ್ ಆದ 7.00 ಅಳಿಸಿಹೋಯಿತು. ಹಾಗಾದರೆ ಕೂರಿಸದೆ ಬಿಡೋಣವೆಂದರೆ ಇನ್ನೊಂದು ಕಡೆ ತೊಡಕು: ಮೊದಲನೆಯದು ಬಿದ್ದ ಮೇಲೆ, ಇನ್ನೂ ಕಮಿಟ್ ಆಗದಿದ್ದ ಎರಡನೆಯದೂ ಬಿದ್ದರೆ, ಅದು ತನ್ನ ಹಳೆಯ ಅಂಕಿಯಾದ 6.50 ಅನ್ನು ಕೂರಿಸುತ್ತದೆ. ಅದಾದರೋ ಬಿದ್ದುಹೋದ ವಹಿವಾಟು ಬರೆದದ್ದು, ಯಾರೂ ಒಪ್ಪದ ದರ. ಹಳೆಯ ಅಂಕಿಯನ್ನು ಕೂರಿಸುವ ಸರಳ ಉಪಾಯ ಎರಡೂ ಕಡೆ ಸೋಲುತ್ತದೆ.

ಆದ್ದರಿಂದಲೇ ಮೂರನೆಯ ಮಟ್ಟ, ಸ್ಟ್ರಿಕ್ಟ್: ಒಂದು ಸಾಲನ್ನು ಬರೆದ ವಹಿವಾಟು ಕಮಿಟ್ ಇಲ್ಲವೇ ರೋಲ್‌ಬ್ಯಾಕ್ ಆಗುವವರೆಗೆ ಬೇರೆ ಯಾರೂ ಆ ಅಂಕಿಯನ್ನು ಓದಬಾರದು, ಅದರ ಮೇಲೆ ಬರೆಯಲೂ ಬಾರದು. ಹೀಗಿದ್ದಾಗ ಲಾಗ್‌ನಲ್ಲಿರುವ ಹಳೆಯ ಅಂಕಿ ಯಾವಾಗಲೂ ಕಮಿಟ್ ಆದ ಅಂಕಿಯೇ. ಅದನ್ನು ಕಣ್ಣುಮುಚ್ಚಿ ಕೂರಿಸಬಹುದು. ಸ್ಟ್ರಿಕ್ಟ್ ಆದದ್ದೆಲ್ಲ ಕ್ಯಾಸ್ಕೇಡ್‌ಲೆಸ್, ಕ್ಯಾಸ್ಕೇಡ್‌ಲೆಸ್ ಆದದ್ದೆಲ್ಲ ರಿಕವರೆಬಲ್. ತಿರುಗಿಸಿ ಹೇಳಿದರೆ ನಿಜವಾಗುವುದಿಲ್ಲ.

ಜಾರಿಗೆ ತರುವ ಬಗೆ ಸುಲಭ. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಈಶ್ವರನ್, ಜಿಮ್ ಗ್ರೇ, ಲೋರಿ, ಟ್ರೈಗರ್ 1976ರಲ್ಲಿ ಎರಡು ಹಂತದ ಬೀಗ ಪದ್ಧತಿಯನ್ನು ವಿವರಿಸಿದರು. ಬೇಕಾದ ಸಾಲುಗಳಿಗೆ ಬೀಗ ಹಾಕುತ್ತ ಹೋಗು, ಒಂದು ಬೀಗ ತೆರೆದ ಮೇಲೆ ಹೊಸದನ್ನು ಹಾಕಬೇಡ ಎಂಬುದು ಅದರ ಸಾರ. ಇದು ವಹಿವಾಟುಗಳ ಕ್ರಮವನ್ನು ಕಾಯುತ್ತದೆ. ಆದರೆ ಕಮಿಟ್‌ಗೆ ಮೊದಲೇ ಬೀಗ ತೆರೆಯಲು ಅವಕಾಶವಿರುವುದರಿಂದ ಡರ್ಟಿ ರೀಡ್ ನುಸುಳಬಹುದು. ಬರೆದ ಸಾಲಿನ ಬೀಗವನ್ನು ಕಮಿಟ್ ಅಥವಾ ರೋಲ್‌ಬ್ಯಾಕ್ ಆಗುವವರೆಗೆ ತೆರೆಯಬೇಡ ಎಂಬ ಒಂದು ಷರತ್ತು ಸೇರಿಸಿದರೆ ಅದೇ ಪದ್ಧತಿ ಸ್ಟ್ರಿಕ್ಟ್ ಆಗುತ್ತದೆ.

ಕಣ್ಣಾರೆ ನೋಡುವುದು ಹೇಗೆ

ಮೈಎಸ್‌ಕ್ಯೂಎಲ್ ಇರುವ ಕಂಪ್ಯೂಟರಿನಲ್ಲಿ ಎರಡು ಕಿಟಕಿ ತೆರೆದು ಇದನ್ನು ಪರೀಕ್ಷಿಸಬಹುದು. ಮೊದಲ ಕಿಟಕಿಯಲ್ಲಿ ವಹಿವಾಟು ಆರಂಭಿಸಿ, ಕಮಿಟ್ ಮಾಡದೆ ಬಿಡಿ:

```sql
START TRANSACTION;
UPDATE khate SET shilku = 120000 WHERE id = 1;
```

ಎರಡನೆಯ ಕಿಟಕಿಯಲ್ಲಿ ಹೀಗೆ ಓದಿ:

```sql
SET SESSION TRANSACTION ISOLATION LEVEL READ UNCOMMITTED;
SELECT shilku FROM khate WHERE id = 1;
```

1,20,000 ಕಾಣುತ್ತದೆ. ಮೊದಲ ಕಿಟಕಿಯಲ್ಲಿ `ROLLBACK` ಕೊಟ್ಟು ಇಲ್ಲಿ ಮತ್ತೆ ಓದಿದರೆ 20,000. ಆ ನಡುವೆ 1,20,000 ನಂಬಿ ಬೇರೆ ಕೋಷ್ಟಕಕ್ಕೆ ಬರೆದು ಕಮಿಟ್ ಮಾಡಿದ್ದರೆ ಅದನ್ನು ಯಾರೂ ಹಿಂದಕ್ಕೆ ತೆಗೆಯುವುದಿಲ್ಲ. ಈ ಮಟ್ಟದಲ್ಲಿ ಡೇಟಾಬೇಸ್ ಓದಿದವರ ಪಟ್ಟಿಯನ್ನು ಇಡುವುದೇ ಇಲ್ಲ, ಆದ್ದರಿಂದ ಸರಪಳಿ ರೋಲ್‌ಬ್ಯಾಕ್ ಕೂಡ ನಡೆಯುವುದಿಲ್ಲ. ಉಳಿಯುವುದು ಸುಳ್ಳು ಲೆಕ್ಕ, ಅಂದರೆ ರಿಕವರೆಬಲ್ ಅಲ್ಲದ ಶೆಡ್ಯೂಲ್. ಎಸ್‌ಕ್ಯೂಎಲ್ ಮಾನದಂಡ ಈ ಮಟ್ಟವನ್ನು ಒಪ್ಪಿಕೊಂಡರೂ, ಬೇರೆ ಹೇಳದಿದ್ದರೆ ಓದುವುದಕ್ಕೆ ಮಾತ್ರ ಬಿಡುವುದು ಇದೇ ಕಾರಣಕ್ಕೆ. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಮಟ್ಟವನ್ನು ಕೇಳಿದರೂ ಅದು ಕಮಿಟ್ ಆದ ಅಂಕಿಯನ್ನೇ ತೋರಿಸುತ್ತದೆ.

ಈಗ ಮೊದಲ ಕಿಟಕಿಯಲ್ಲಿ ಅದೇ ವಹಿವಾಟನ್ನು ಮತ್ತೆ ಆರಂಭಿಸಿ, ಕಮಿಟ್ ಮಾಡದೆ ಬಿಟ್ಟು, ಎರಡನೆಯ ಕಿಟಕಿಯಿಂದ ಅದೇ ಸಾಲನ್ನು ಬದಲಿಸಲು ನೋಡಿ. ಎಷ್ಟೇ ಸಡಿಲ ಮಟ್ಟದಲ್ಲಿದ್ದರೂ ಕಿಟಕಿ ಸುಮ್ಮನೆ ನಿಂತುಬಿಡುತ್ತದೆ. ಮೊದಲ ವಹಿವಾಟು ಮುಗಿಯದಿದ್ದರೆ 50 ಸೆಕೆಂಡಿನ ನಂತರ 1205 ಸಂಖ್ಯೆಯ ದೋಷ ಸಂದೇಶ ಬರುತ್ತದೆ. ಓದುವವರಿಗೆ ಬೇಕಾದರೆ ರಿಯಾಯಿತಿ ಉಂಟು, ಮೇಲೆ ಬರೆಯುವವರಿಗೆ ಇಲ್ಲ. ರೋಲ್‌ಬ್ಯಾಕ್‌ನ ಬುಡವೇ ಅಲುಗಾಡುವುದರಿಂದ ಆ ರಿಯಾಯಿತಿಯನ್ನು ಯಾವ ಮಟ್ಟದಲ್ಲೂ ಕೊಡಬಾರದೆಂದು ಜಿಮ್ ಗ್ರೇ ಸೇರಿದಂತೆ ಆರು ಜನ 1995ರ ಲೇಖನವೊಂದರಲ್ಲಿ ವಾದಿಸಿದರು.

ಕಾಯುವ ಬೆಲೆ, ಅದನ್ನು ತಗ್ಗಿಸುವ ದಾರಿ

ಸ್ಟ್ರಿಕ್ಟ್ ನಿಯಮಕ್ಕೆ ಕೊಡಬೇಕಾದ ಬೆಲೆ ಕಾಯುವಿಕೆ. ಬೀಗ ಕೊನೆಯವರೆಗೆ ಇರುವುದರಿಂದ ಒಂದು ನಿಧಾನದ ವಹಿವಾಟು ಹಲವರನ್ನು ನಿಲ್ಲಿಸುತ್ತದೆ. ಇದರ ಪರಿಹಾರದ ದೊಡ್ಡ ಪಾಲು ಪ್ರೋಗ್ರಾಂ ಬರೆಯುವವರ ಕೈಯಲ್ಲೇ ಇದೆ. ನಮ್ಮ ಟಿ1 ಮೊದಲು ಅಡಿಕೆ ವ್ಯಾಪಾರಿಯ ಖಾತೆಯಿಂದ ಕಳೆಯಲು ನೋಡಿದ್ದರೆ, ರೈತನ ಖಾತೆಯನ್ನು ಮುಟ್ಟುವ ಮೊದಲೇ ಬೀಳುತ್ತಿತ್ತು. ಬೀಳುವ ಸಂಭವವಿರುವ ಹೆಜ್ಜೆ ಮೊದಲು, ಎಲ್ಲರಿಗೂ ಬೇಕಾದ ಸಾಲಿನ ಬದಲಾವಣೆ ಕೊನೆಗೆ: ಈ ಕ್ರಮದಿಂದಲೇ ಬೀಗ ಹಿಡಿದಿರುವ ಹೊತ್ತು ಬಹಳ ಕಡಿಮೆಯಾಗುತ್ತದೆ.

ಡೇಟಾಬೇಸ್‌ನ ಕೈ ಮೀರಿದ ಓದುಗರೂ ಇದ್ದಾರೆ. ಪ್ರೋಗ್ರಾಂ `COMMIT` ಕೊಡುವ ಮೊದಲೇ ಗ್ರಾಹಕನಿಗೆ ಎಸ್‌ಎಂಎಸ್ ಕಳಿಸಿದರೆ, ಆ ಗ್ರಾಹಕ ಕಮಿಟ್ ಆಗದ ಅಂಕಿಯನ್ನು ಓದಿದಂತೆಯೇ. ಅವನನ್ನು ರೋಲ್‌ಬ್ಯಾಕ್ ಮಾಡಲು ಯಾವ ಲಾಗ್‌ಗೂ ಆಗದು. ಕಳಿಸಬೇಕಾದ ಸಂದೇಶವನ್ನೂ ಅದೇ ವಹಿವಾಟಿನಲ್ಲಿ ಒಂದು ಕೋಷ್ಟಕಕ್ಕೆ ಬರೆದಿಟ್ಟು, ಕಮಿಟ್ ಆದ ಮೇಲೆ ಬೇರೊಂದು ಪ್ರೋಗ್ರಾಂ ಅದನ್ನು ತೆಗೆದು ಕಳಿಸುವುದು ಸರಿಯಾದ ದಾರಿ.

ಹಾಗಾದರೆ ಕಮಿಟ್ ಆಗದ್ದನ್ನು ಓದಲು ಬಿಡುವುದು ಯಾವಾಗಲೂ ತಪ್ಪೇ? ಅಲ್ಲ. ಮೈಕ್ರೋಸಾಫ್ಟ್ 2014ರ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ತಂದ, ದತ್ತಾಂಶವನ್ನೆಲ್ಲ ಮೆಮೊರಿಯಲ್ಲೇ ಇಡುವ ಹೆಕಟಾನ್ ಎಂಜಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಒಂದು ವಹಿವಾಟು ತನ್ನ ಬದಲಾವಣೆಗಳನ್ನೆಲ್ಲ ಮುಗಿಸಿ, ಕೊನೆಯ ತಪಾಸಣೆಯಲ್ಲಿರುವಾಗ ಮಾತ್ರ ಅದು ಬರೆದದ್ದನ್ನು ಇತರರು ಓದಬಹುದು. ಓದಿದವನ ಮೇಲೆ ಕಮಿಟ್ ಅವಲಂಬನೆ ಎಂಬ ಗುರುತು ಬೀಳುತ್ತದೆ. ಮೊದಲನೆಯವನ ತೀರ್ಮಾನ ಆಗುವವರೆಗೆ ಓದಿದವನು ಕಮಿಟ್ ಆಗುವಂತಿಲ್ಲ, ಅವನ ಫಲಿತಾಂಶವನ್ನು ಹೊರಗೂ ಕೊಡುವುದಿಲ್ಲ. ಮೊದಲನೆಯವನು ಬಿದ್ದರೆ ಇವನೂ ಬೀಳುತ್ತಾನೆ. ಅಂದರೆ ರಿಕವರೆಬಲ್ ನಿಯಮವನ್ನು ಉಳಿಸಿಕೊಂಡು, ಸರಪಳಿ ಬೀಳುವ ಅಪಾಯವನ್ನು ಎಂಜಿನ್ ಬೇಕೆಂದೇ ಒಪ್ಪಿಕೊಂಡಿದೆ.

ಅಲ್ಲಿ ಅದು ಲಾಭದ ವ್ಯವಹಾರ, ಏಕೆಂದರೆ ಕೊನೆಯ ತಪಾಸಣೆಗೆ ಬಂದ ವಹಿವಾಟು ಬೀಳುವುದು ಅಪರೂಪ ಮತ್ತು ಆ ಹಂತ ಬಹಳ ಚಿಕ್ಕದು, ಅಷ್ಟರಲ್ಲಿ ಅದರ ಮೇಲೆ ಹೆಚ್ಚು ಕೆಲಸ ಕೂಡುವುದಿಲ್ಲ. ನಮ್ಮ ಟಿ1ರ ಸ್ಥಿತಿ ಇದಕ್ಕೆ ತದ್ವಿರುದ್ಧ: ಮುಖ್ಯ ಪರೀಕ್ಷೆ ಇನ್ನೂ ಬಾಕಿಯಿರುವಾಗಲೇ ಅದರ ಅಂಕಿ ಎಲ್ಲರ ಕಣ್ಣಿಗೆ ಬಿದ್ದಿತ್ತು. ಕಮಿಟ್‌ಗೆ ಮೊದಲು ಓದಲು ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು. ಬರೆದವನು ಇಲ್ಲಿಂದ ಮುಂದೆ ಬೀಳುವ ಸಂಭವವೆಷ್ಟು? ಅವನ ತೀರ್ಮಾನ ಬರುವಷ್ಟರಲ್ಲಿ ಅವನ ಮೇಲೆ ಎಷ್ಟು ಕೆಲಸ ಕೂಡಿರುತ್ತದೆ? ಎರಡೂ ತೀರ ಕಡಿಮೆ ಎಂದು ಖಾತ್ರಿಯಿಲ್ಲದ ಕಡೆ ಕಾಯುವುದೇ ಅಗ್ಗ.